ರಿಂಕಲ್ ಫ್ರೀ ಶರ್ಟಿನ ಗುಣ ಒಂದೂವರೆ ವರ್ಷಕ್ಕೇ ಮಾಸಿತು. ಯಾಕೆ?

ಒಂಟಿಗುಂಡಿ
ಎಲ್ಲರಿಗೂ ನಮಸ್ಕಾರ. ಒಂದೇ ದಿನ, ಒಂದೇ ಕಂಪನಿಯ, ಒಂದೇ ಅಳತೆಯ ಎರಡು ಶರ್ಟ್ ತಗೊಂಡಿದ್ದೆ. ಎರಡೂ ನೂರಕ್ಕೆ ನೂರು ಹತ್ತಿ, ಎರಡರ ಕಾಲರ್ ಒಳಗೂ ‘ರಿಂಕಲ್ ಫ್ರೀ’ ಅಂತ ಪಟ್ಟಿ. ಒಂದನ್ನು ವಾರಕ್ಕೊಮ್ಮೆ ತಪ್ಪದೆ ಹಾಕಿದೆ. ಲೆಕ್ಕ ಹಾಕಿದರೆ ಸುಮಾರು 70 ಸಲ ಒಗೆದಿರಬೇಕು. ಇನ್ನೊಂದು ಕಡಿಮೆ ಬಳಸಿದ್ದು, 15 ಸಲ ಇರಬಹುದು.

ಮೊದಲ ಆರು ತಿಂಗಳು ಎರಡೂ ಚಿನ್ನ. ಹಗ್ಗದಿಂದ ತೆಗೆದು, ಒಮ್ಮೆ ಕೊಡವಿ ಹಾಕಿಕೊಂಡರೆ ಆಯ್ತು. ಈಗ ಹಳೆಯದು ಒಣಗಿದ ಮೇಲೆ ಮಾಮೂಲಿ ಶರ್ಟಿನ ಹಾಗೆ ಮುದುಡುತ್ತದೆ. ಜಾಸ್ತಿ ಮೊಣಕೈ ಹತ್ತಿರ. ಕಾಲರ್ ಅಂಚಿನಲ್ಲಿ ನೂಲೂ ಎದ್ದಿದೆ. ಕಡಿಮೆ ಬಳಸಿದ್ದು ಇನ್ನೂ ಚೆನ್ನಾಗಿಯೇ ಇದೆ.

ನನ್ನ ಪ್ರಶ್ನೆ: ಇದು ಬಟ್ಟೆ ಮೇಲೆ ಬಳಿದ ಯಾವುದೋ ಪದರ, ಒಗೆದು ಒಗೆದು ಹೋಗಿದೆ ಅಂತಲಾ? ಹಾಗಾದರೆ ಅದನ್ನು ಮತ್ತೆ ಹಾಕಿಸಲು ಆಗುತ್ತದಾ?

ಮಳೆಬಿಲ್ಲು
ಮಾಸಬಾರದು ಅಂದರೆ ಶರ್ಟ್ ತಿರುವಿ ಹಾಕಿ ನೆರಳಲ್ಲಿ ಒಣಗಿಸಿ. ನಾನು ಕಡುನೀಲಿ ಬಟ್ಟೆಗಳನ್ನೆಲ್ಲ ಹಾಗೇ ಮಾಡುವುದು, ಬಣ್ಣ ಹಾಗೇ ಇದೆ.

ಒಂಟಿಗುಂಡಿ
@ಮಳೆಬಿಲ್ಲು ಬಣ್ಣದ ವಿಷಯ ಅಲ್ಲ, ಸುಕ್ಕಾಗದ ಗುಣ ಮಾಸಿದೆ ಅಂದೆ. ಶೀರ್ಷಿಕೆ ಸರಿಯಾಗಿ ಬರೆಯಬೇಕಿತ್ತು, ತಪ್ಪು ನನ್ನದೇ.

ಕಟ್ಟಾವಾದಿ
ಇದರಲ್ಲೇನು ರಹಸ್ಯ? ಬಟ್ಟೆಗೆ ಪ್ಲಾಸ್ಟಿಕ್ ತರಹದ ರೆಸಿನ್ ಬಳಿಯುತ್ತಾರೆ. ಸಾಬೂನು ಅದನ್ನು ಕೆರೆದು ತೆಗೆಯುತ್ತದೆ. ಬಿಸಿ ಇಸ್ತ್ರಿ ಇಟ್ಟರೆ ಕರಗಿಯೂ ಹೋಗುತ್ತದೆ. ಬೇಕಂತಲೇ ಎರಡು ವರ್ಷಕ್ಕೆ ಹಾಳಾಗುವ ಹಾಗೆ ಮಾಡಿರುತ್ತಾರೆ. ಮುಗಿಯಿತು.

ಇಸ್ತ್ರಿಪೆಟ್ಟಿಗೆ
ಹತ್ತು ನಿಮಿಷ ಇಸ್ತ್ರಿ ಮಾಡೋಕೆ ಸೋಮಾರಿತನ, ಅದಕ್ಕೆ ಇಷ್ಟೆಲ್ಲಾ ಚರ್ಚೆ 😄

ನೂಲೆಳೆ
ಬಟ್ಟೆಗೆ ಕೊನೆಯ ಹಂತದ ಫಿನಿಶಿಂಗ್ ಮಾಡುವ ಘಟಕದಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದ್ದೇನೆ. @ಕಟ್ಟಾವಾದಿ ಹೇಳಿದ್ದರಲ್ಲಿ ‘ರೆಸಿನ್’ ಅನ್ನೋ ಮಾತು ಸರಿ. ನಮ್ಮಲ್ಲೂ ಹಾಗೇ ಕರೆಯುವುದು. ಆದರೆ ಅದು ಬಳಿದ ಪದರ ಅಲ್ಲ, ಇಸ್ತ್ರಿಗೆ ಕರಗುವುದೂ ಇಲ್ಲ. ಅದು ಕೂರುವುದು ನಾರಿನ ಒಳಗೆ.

ಮೊದಲು ಸುಕ್ಕು ಯಾಕೆ ಬೀಳುತ್ತದೆ ನೋಡಿ. ಹತ್ತಿಯ ನಾರಿನೊಳಗೆ ಸೆಲ್ಯುಲೋಸ್‌ನ ಉದ್ದುದ್ದ ಸರಪಳಿಗಳು ಪಕ್ಕಪಕ್ಕ ಮಲಗಿರುತ್ತವೆ. ಒಂದಕ್ಕೊಂದು ಸಣ್ಣ ಸಣ್ಣ ಹಿಡಿತ ಇರುತ್ತದೆ. ನೀರು ಒಳಗೆ ನುಗ್ಗಿದರೆ ಆ ಹಿಡಿತ ಬಿಡುತ್ತದೆ. ಆಗ ಬಟ್ಟೆಯನ್ನು ಹಿಂಡಿದರೋ ಮಡಚಿದರೋ, ಸರಪಳಿಗಳು ಜಾರಿ ಹೊಸ ಜಾಗಕ್ಕೆ ಹೋಗುತ್ತವೆ. ನೀರು ಆರಿದಾಗ ಅಲ್ಲೇ ಮತ್ತೆ ಹಿಡಿದುಕೊಳ್ಳುತ್ತವೆ. ಅದೇ ಸುಕ್ಕು. ಇಸ್ತ್ರಿ ಮಾಡುವಾಗಲೂ ನಡೆಯುವುದು ಇದೇ. ನೀರು ಚಿಮುಕಿಸಿ ಹಿಡಿತ ಬಿಡಿಸುತ್ತೀರಿ, ಬಿಸಿಯಲ್ಲಿ ಒತ್ತಿ ಚಪ್ಪಟೆಯಾಗಿ ಹಿಡಿಸುತ್ತೀರಿ. ಒಂದು ಥರದಲ್ಲಿ ಇಸ್ತ್ರಿಯ ನೆರಿಗೆಯೂ ಸುಕ್ಕೇ, ನಮಗೆ ಬೇಕಾದ ಸುಕ್ಕು.

ರಿಂಕಲ್ ಫ್ರೀ ಮಾಡುವುದು ಅಂದರೆ ಈ ಸರಪಳಿಗಳ ನಡುವೆ ನೀರಿಗೆ ಬಿಡದ ಗಟ್ಟಿ ಗಂಟು ಹಾಕುವುದು. ಬಟ್ಟೆಯನ್ನು ರೆಸಿನ್ ಕಲಸಿದ ನೀರಿನಲ್ಲಿ ಅದ್ದಿ, ರೋಲರ್ ನಡುವೆ ಹಿಂಡಿ, ಒಣಗಿಸಿ, ಆಮೇಲೆ ಸುಮಾರು 150ರಿಂದ 160 ಡಿಗ್ರಿಯಲ್ಲಿ ಎರಡು ಮೂರು ನಿಮಿಷ ಬೇಯಿಸುತ್ತೇವೆ. ಶರ್ಟಿಗೆ ಸಾಮಾನ್ಯವಾಗಿ ಬಳಸುವುದು DMDHEU ಅನ್ನೋ ಜಾತಿಯ ರೆಸಿನ್. ಜೊತೆಗೆ ಮೆಗ್ನೀಸಿಯಂ ಕ್ಲೋರೈಡ್ ಹಾಕುತ್ತೇವೆ. ಬಿಸಿಯಲ್ಲಿ ಅದು ಸ್ವಲ್ಪ ಆಮ್ಲದ ಹಾಗೆ ನಡೆದುಕೊಂಡು ಗಂಟು ಬೀಳಿಸುತ್ತದೆ. ರೆಸಿನ್ನಿನ ಒಂದು ಕೈ ಈ ಸರಪಳಿಗೆ, ಇನ್ನೊಂದು ಕೈ ಪಕ್ಕದ ಸರಪಳಿಗೆ. ಆಮೇಲೆ ಒದ್ದೆ ಮಾಡಿ ಮುದುಡಿದರೂ ಗಂಟುಗಳು ಸ್ಪ್ರಿಂಗ್ ಥರ ಹಳೇ ಜಾಗಕ್ಕೆ ಎಳೆಯುತ್ತವೆ.

ಸಾಬೂನಿಗೆ ಕೆರೆದು ತೆಗೆಯಲು ಮೇಲೆ ಏನೂ ಇಲ್ಲ. ಹಾಗಾದರೆ ಗುಣ ಯಾಕೆ ಹೋಯಿತು ಅಂದರೆ, ಅದು ಒಂದೇ ಕಾರಣ ಅಲ್ಲ. ಸಂಜೆ ಬರೆಯುತ್ತೇನೆ.

ಕಟ್ಟಾವಾದಿ
ಸಂಜೆವರೆಗೆ ಕಾಯಬೇಕಾ. ಧಾರಾವಾಹಿ ಆಯ್ತಲ್ಲ.

ಚಂದ್ರಿಕೆ_2
ನನ್ನ ಅನುಭವ ಹೇಳ್ತೀನಿ. ಹೊಸ ರಿಂಕಲ್ ಫ್ರೀ ಶರ್ಟ್ ಒಗೆಯದೇ ಹಾಕಿಕೊಂಡು ಹೋಗಿದ್ದೆ. ಮಧ್ಯಾಹ್ನದ ಹೊತ್ತಿಗೆ ಕುತ್ತಿಗೆ, ಕಂಕುಳು ಎಲ್ಲ ಕೆಂಪಾಗಿ ತುರಿಕೆ. ಚರ್ಮದ ಡಾಕ್ಟರು ಫಾರ್ಮಾಲ್ಡಿಹೈಡ್ ಅಲರ್ಜಿ ಇರಬಹುದು ಅಂದು ಪ್ಯಾಚ್ ಪರೀಕ್ಷೆ ಮಾಡಿಸಿದರು, ಹೌದು ಅಂತ ಬಂತು. ಈ ರೆಸಿನ್ ಅದೇನಾ?

ನೂಲೆಳೆ
ಅಕ್ಕ, ಅದಕ್ಕೂ ಇದಕ್ಕೂ ನೇರ ನಂಟಿದೆ. ಈ ರೆಸಿನ್ ಮಾಡುವುದೇ ಗ್ಲೈಯಾಕ್ಸಲ್, ಯೂರಿಯಾ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ. ಗಂಟು ಬೀಳದೇ ಉಳಿದದ್ದು, ಅರ್ಧ ಬಿದ್ದದ್ದು ಬಟ್ಟೆಯಲ್ಲಿ ಇರುತ್ತದೆ. ಅದರಿಂದ ಸ್ವಲ್ಪ ಸ್ವಲ್ಪ ಫಾರ್ಮಾಲ್ಡಿಹೈಡ್ ಬಿಡುತ್ತದೆ. ಈಗಿನ ರೆಸಿನ್‌ಗಳಲ್ಲಿ ಹಿಂದಿಗಿಂತ ಬಹಳ ಕಡಿಮೆ. ಜಪಾನಿನಲ್ಲಿ ದೊಡ್ಡವರ ಮೈಗೆ ತಾಗುವ ಬಟ್ಟೆಗೆ 75 ಪಿಪಿಎಂ ಮಿತಿ ಇದೆ, ಎಷ್ಟೋ ಖರೀದಿದಾರರು ಅದನ್ನೇ ಕೇಳುತ್ತಾರೆ. ಆದರೆ ಅಲರ್ಜಿ ಇದ್ದವರಿಗೆ ಮಿತಿಯೊಳಗೆ ಇದ್ದರೂ ತೊಂದರೆ ಆಗಬಹುದು. ಹಾಕುವ ಮೊದಲು ಒಂದೆರಡು ಸಲ ಒಗೆದರೆ ಬಿಡಿಯಾಗಿ ಉಳಿದದ್ದು ಬಹುಪಾಲು ಹೋಗುತ್ತದೆ. ನಿಮ್ಮ ವಿಷಯದಲ್ಲಿ ಮಾತ್ರ ಇಂಥ ಶರ್ಟ್ ಬಿಡುವುದೇ ವಾಸಿ.

ಚಂದ್ರಿಕೆ_2
ಬಿಟ್ಟಾಗಿದೆ. ಈಗ ಇಸ್ತ್ರಿಪೆಟ್ಟಿಗೆಯವರ ಪಕ್ಷ ನಾನು.

ಇಸ್ತ್ರಿಪೆಟ್ಟಿಗೆ
ಸ್ವಾಗತ ಮೇಡಂ!

ನೂಲೆಳೆ
ಹೇಳಿದ ಹಾಗೆ ಬಂದೆ. @ಒಂಟಿಗುಂಡಿ, ನಿಮ್ಮ ಶರ್ಟಿನಲ್ಲಿ ಮೂರು ಸಂಗತಿ ಒಟ್ಟೊಟ್ಟಿಗೆ ನಡೆದಿರುತ್ತದೆ.

ಬೇಗ ಹೋಗುವುದು ಮೆದುಕಾರಿ. ರೆಸಿನ್ ಹಾಕಿದ ಬಟ್ಟೆ ಸುಮ್ನೆ ಬಿಟ್ಟರೆ ರಟ್ಟಿನ ಹಾಗೆ ಗಡಸು. ಅದಕ್ಕೇ ಅದೇ ನೀರಿನಲ್ಲಿ ಸಿಲಿಕೋನೋ ಪಾಲಿಎಥಿಲೀನೋ ಸೇರಿಸುತ್ತೇವೆ. ಇದು ನಾರಿನ ಮೇಲೆ ಕೂರುವಂಥದ್ದು, ಹಾಗಾಗಿ ಒಗೆದಂತೆ ಕರಗುತ್ತಾ ಹೋಗುತ್ತದೆ. ಅದು ಇದ್ದಾಗ ನೂಲುಗಳು ಒಂದರ ಮೇಲೊಂದು ಸಲೀಸಾಗಿ ಜಾರಿ ಹಳೇ ಜಾಗಕ್ಕೆ ಬರುತ್ತವೆ. ಹೋದ ಮೇಲೆ ನೂಲಿಗೆ ನೂಲು ಉಜ್ಜಿಕೊಂಡು ಅಲ್ಲೇ ನಿಲ್ಲುತ್ತವೆ. ಒಳಗಿನ ಸ್ಪ್ರಿಂಗ್ ಎಳೆದರೂ ಬಟ್ಟೆ ಬಿಡಿಸಿಕೊಳ್ಳುವುದಿಲ್ಲ.

ಎರಡನೆಯದು ನಾರೇ ಮುರಿಯುವುದು. ಮುಖ್ಯವಾದದ್ದು ಇದೇ ಅಂತ ನನ್ನ ಅಭಿಪ್ರಾಯ. ಮಾಮೂಲಿ ಹತ್ತಿಯನ್ನು ಎಳೆದರೆ ಸರಪಳಿಗಳು ಒಂದಿಷ್ಟು ಜಾರಿಕೊಂಡು ಭಾರ ಹಂಚಿಕೊಳ್ಳುತ್ತವೆ. ಗಂಟು ಹಾಕಿದ ಮೇಲೆ ಜಾರಲು ಆಗುವುದಿಲ್ಲ. ಭಾರ ಬಿದ್ದ ಕಡೆ ಪಟಕ್ ಅನ್ನುತ್ತದೆ. ಜೊತೆಗೆ ಬೇಯಿಸುವಾಗಿನ ಆಮ್ಲವೂ ಸರಪಳಿಗಳನ್ನು ಅಷ್ಟಿಷ್ಟು ಕತ್ತರಿಸಿರುತ್ತದೆ. ನೂರಕ್ಕೆ ನೂರು ಹತ್ತಿಯಲ್ಲಿ ಫಿನಿಶ್ ಆದ ದಿನವೇ ಬಲದ ಮೂರನೇ ಒಂದು ಭಾಗದಿಂದ ಅರ್ಧದವರೆಗೂ ಹೋಗಿರುವುದು ಮಾಮೂಲು. ಮೊಣಕೈ, ಕಾಲರ್ ಮಡಿಕೆ, ಕಫ್ ಅಂಚು ದಿನವೂ ಉಜ್ಜಿಸಿಕೊಳ್ಳುವ ಜಾಗ. ಅಲ್ಲಿ ಮುರಿದ ನಾರಿನೊಳಗೆ ಗಂಟು ಇದ್ದೂ ಪ್ರಯೋಜನ ಇಲ್ಲ. ಕಾಲರ್ ಅಂಚಿನಲ್ಲಿ ನೂಲು ಎದ್ದಿದೆ ಅಂದಿರಲ್ಲ, ಅದು ಇದರದೇ ಗುರುತು. ಸುಕ್ಕಾಗದ ಹಾಗೆ ಮಾಡಿದ ಗಂಟೇ ಶರ್ಟನ್ನು ಬೇಗ ಸವೆಸುತ್ತದೆ.

ಮೂರನೆಯದು ಗಂಟು ಬಿಚ್ಚುವುದು. ನೀರಿನಲ್ಲಿ ನಿಧಾನಕ್ಕೆ ಆಗುತ್ತದೆ, ಬಿಸಿ ನೀರಿನಲ್ಲಿ ಇನ್ನಷ್ಟು. ಆದರೆ DMDHEU ಗಂಟು ಬಟ್ಟೆ ಸೋಪಿನ ಕ್ಷಾರವನ್ನು ಚೆನ್ನಾಗಿಯೇ ತಡೆಯುತ್ತದೆ.

ಮತ್ತೆ ಹಾಕಿಸಬಹುದಾ ಅಂದಿರಿ. ಬೇಡ. ಆಗಲೇ ಸೊರಗಿದ ನಾರನ್ನು ಇನ್ನೊಮ್ಮೆ ಆಮ್ಲ ಹಾಕಿ 150 ಡಿಗ್ರಿಯಲ್ಲಿ ಬೇಯಿಸಿದರೆ, ಹಾಕಿಕೊಳ್ಳುವಾಗಲೇ ಮೊಣಕೈ ಹರಿಯುತ್ತದೆ.

ತೊಳೆಗಲ್ಲು
ಕೊನೇ ನೀರಿಗೆ ಅರ್ಧ ಲೋಟ ವಿನೆಗರ್ ಹಾಕಿ. ಸೋಪಿನ ಅಂಶ ಹೋಗಿ ಬಟ್ಟೆ ಹೊಸದಾಗುತ್ತದೆ, ರಿಂಕಲ್ ಫ್ರೀ ಗುಣವೂ ವಾಪಸ್ ಬರುತ್ತದೆ. ನಾನು ವರ್ಷಗಟ್ಟಲೆ ಮಾಡ್ತಿದ್ದೀನಿ.

ರಸಾಯನಿ
@ತೊಳೆಗಲ್ಲು ವಾಪಸ್ ಬರುವುದು ಹೇಗೆ ಸ್ವಾಮಿ? ಈ ಗಂಟುಗಳಿಗೆ ಶತ್ರು ಅಂದರೆ ಆಮ್ಲವೇ. ಬಟ್ಟೆಯಲ್ಲಿ ಎಷ್ಟು ರೆಸಿನ್ ಇದೆ ಅಂತ ಅಳೆಯಲು ಲ್ಯಾಬಿನಲ್ಲಿ ಬಿಸಿ ಮಾಡಿದ ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹಾಕಿ ಅದನ್ನು ಬಿಚ್ಚಿ ತೆಗೆಯುತ್ತಾರೆ. ನಾನು ರಸಾಯನಶಾಸ್ತ್ರ ಪಾಠ ಮಾಡುವವನು, ಆಮ್ಲ ಹಾಕಿ ಗಂಟು ಉಳಿಸಿ ಅಂದರೆ ನಗು ಬರುತ್ತದೆ.

@ನೂಲೆಳೆ ಅವರಿಗೂ ಒಂದು ತಕರಾರು. ಮೂರನೇ ಕಾರಣವನ್ನು ನೀವು ಎರಡು ಸಾಲಿನಲ್ಲಿ ಮುಗಿಸಿದಿರಿ. 70 ಒಗೆತ ಅಂದರೆ ಗಂಟೆಗಟ್ಟಲೆ ನೀರಿನಲ್ಲಿ ಇದ್ದ ಹಾಗೆ. ಬೆವರು ಕೂಡ ಎಷ್ಟೋ ಸಲ ಸ್ವಲ್ಪ ಆಮ್ಲೀಯವೇ. ಗಂಟು ಬಿಚ್ಚುವುದೇ ದೊಡ್ಡ ಕಾರಣ ಇರಬಾರದೇಕೆ?

ತೊಳೆಗಲ್ಲು
ನೀವು ಪಾಠ ಮಾಡಿ, ನಾನು ಬಟ್ಟೆ ಒಗೀತೀನಿ. ನನ್ನ ಶರ್ಟ್ ಮೃದು ಆಗಿದ್ದು ಸುಳ್ಳಾ?

ನೂಲೆಳೆ
ಜಗಳ ಬೇಡ. ತೊಳೆಗಲ್ಲು ಅವರ ಶರ್ಟ್ ಮೃದು ಆಗಿರಬಹುದು. ಗಡಸು ನೀರಿನ ಸುಣ್ಣ, ಉಳಿದ ಸೋಪು ನೂಲಿನ ನಡುವೆ ಕೂತಿದ್ದರೆ ವಿನೆಗರ್ ತೆಗೆಯುತ್ತದೆ. ನೂಲು ಸಲೀಸಾಗಿ ಜಾರಿದರೆ ಸುಕ್ಕೂ ಸ್ವಲ್ಪ ಕಡಿಮೆ. ಹೋದ ಗಂಟು ಅದರಿಂದ ಬರುವುದಿಲ್ಲ ಅಷ್ಟೇ. ತಣ್ಣೀರಿನಲ್ಲಿ ಒಂದಿಷ್ಟು ವಿನೆಗರ್ ಹಾಕಿದ ಮಾತ್ರಕ್ಕೆ ಗಂಟು ಬಿಚ್ಚಿಹೋಗುತ್ತದೆ ಅನ್ನುವುದೂ ಅತಿ ಆಯ್ತು ರಸಾಯನಿ ಸರ್. ಲ್ಯಾಬಿನ ಆಮ್ಲ ಬೇರೆ, ಆ ಬಿಸಿ ಬೇರೆ.

ದೊಡ್ಡ ಕಾರಣ ಯಾವುದು ಅಂತ ಈ ಶರ್ಟಿನಲ್ಲೇ ನೋಡಬಹುದು. ಒಗೆಯುವ ನೀರು ಇಡೀ ಶರ್ಟಿಗೆ ಒಂದೇ. ಗಂಟು ಬಿಚ್ಚುವುದೇ ಕಾರಣವಾದರೆ ಎಲ್ಲ ಕಡೆ ಒಂದೇ ಥರ ಸುಕ್ಕಾಗಬೇಕು. ಉಜ್ಜಿ ಸವೆದದ್ದು ಕಾರಣವಾದರೆ ಮೊಣಕೈಯಲ್ಲಿ ಜಾಸ್ತಿ, ಮರೆಯಲ್ಲಿದ್ದ ಜಾಗದಲ್ಲಿ ಕಡಿಮೆ. ಒಂಟಿಗುಂಡಿ, ನಿಮ್ಮ ಹಳೇ ಶರ್ಟಿನ ಎದೆಗೆ ಜೇಬಿದೆಯಾ? ಜೇಬಿನ ಹಿಂದಿನ ಬಟ್ಟೆ ಉಜ್ಜಿಸಿಕೊಂಡಿರುವುದು ಕಡಿಮೆ.

ಒಂಟಿಗುಂಡಿ
ಜೇಬಿದೆ. ಆ ಶರ್ಟ್ ಹೇಗೂ ಮೂಲೆಗೆ ಹೋಗಬೇಕಾದ್ದು. ಕತ್ತರಿ ಹಾಕಲಾ?

ನೂಲೆಳೆ
ಹಾಕಿ. ಗಿರಣಿಗಳಲ್ಲಿ ಮಾಡುವ ಪರೀಕ್ಷೆಯನ್ನೇ ಮನೆಯಲ್ಲಿ ಒರಟಾಗಿ ಮಾಡಬಹುದು. ಉದ್ದ 4 ಸೆಂಟಿಮೀಟರ್, ಅಗಲ 1.5 ಸೆಂಟಿಮೀಟರ್ ಪಟ್ಟಿ ಕತ್ತರಿಸಿ. ಉದ್ದದ ಭಾಗ ಶರ್ಟಿನ ಮೇಲಿಂದ ಕೆಳಗೆ ಹೋಗುವ ನೂಲಿನ ಜೊತೆ ಇರಲಿ. ಎಲ್ಲ ಪಟ್ಟಿಗೂ ಒಂದೇ ದಿಕ್ಕು. ತೋಳಿನಲ್ಲಾದರೆ ಭುಜದಿಂದ ಕೈ ಕಡೆಗೆ ಹೋಗುವ ನೂಲು. ಸರಿಯಾಗಿ ನಡುವೆ ಮಡಚಿ, ಮೇಲೆ 500 ಗ್ರಾಂ ತೂಕ 5 ನಿಮಿಷ ಇಡಿ. ತೂಕ ತೆಗೆದು ಒಂದು ತುದಿ ಹಿಡಿದು, ಇನ್ನೊಂದು ತುದಿಯನ್ನು 5 ನಿಮಿಷ ಬಿಟ್ಟುಬಿಡಿ. ಆಮೇಲೆ ಎಷ್ಟು ಬಿಚ್ಚಿಕೊಂಡಿದೆ ಅಂತ ಕೋನಮಾಪಕದಲ್ಲಿ ನೋಡಿ. 180 ಅಂದರೆ ಪೂರ್ತಿ ನೆಟ್ಟಗೆ, 0 ಅಂದರೆ ಮಡಚಿದ್ದು ಮಡಚಿದ ಹಾಗೇ. ಹೋಲಿಸಲು ಮಾಮೂಲಿ ಹತ್ತಿ ಶರ್ಟಿನ ತುಂಡೂ ಒಂದಿರಲಿ. ಕೈಯ ಬೆವರು ಮಡಿಕೆಗೆ ತಾಗಬಾರದು. ಎಲ್ಲಾ ತುಂಡೂ ಒಂದೇ ಕೋಣೆಯಲ್ಲಿ ರಾತ್ರಿ ಪೂರ್ತಿ ಇಟ್ಟು ಆಮೇಲೆ ಮಾಡಿ, ಯಾಕಂದರೆ ಗಾಳಿಯ ತೇವ ಬದಲಾದರೆ ಕೋನವೂ ಬದಲಾಗುತ್ತದೆ.

ಇಸ್ತ್ರಿಪೆಟ್ಟಿಗೆ
ಇಷ್ಟು ಹೊತ್ತಿನಲ್ಲಿ ನಾನು ಆರು ಶರ್ಟ್ ಇಸ್ತ್ರಿ ಮಾಡ್ತಿದ್ದೆ.

ಬಿಳಿಅಂಗಿ
ಸ್ವಲ್ಪ ಬೇರೆ ವಿಷಯ, ಬಯ್ಯಬೇಡಿ. ನನ್ನದು ಬಿಳಿ ರಿಂಕಲ್ ಫ್ರೀ ಶರ್ಟ್. ಕಾಲರ್ ಕೊಳೆ ಹೋಗಲಿ ಅಂತ ಕ್ಲೋರಿನ್ ಬ್ಲೀಚಿನಲ್ಲಿ ನೆನೆಸಿದೆ. ಒಣಗಿದಾಗ ಬಿಳಿಯಾಗೇ ಇತ್ತು. ಇಸ್ತ್ರಿ ಇಟ್ಟ ಕೂಡಲೇ ಇಸ್ತ್ರಿಪೆಟ್ಟಿಗೆ ಆಕಾರದಲ್ಲೇ ಹಳದಿ ಎದ್ದಿತು. ಎರಡು ಒಗೆತ ಆದ ಮೇಲೆ ಬೆನ್ನಿನ ಮೇಲೆ ಬೆರಳು ಒತ್ತಿದರೆ ಹರಿಯುವ ಹಾಗಾಯ್ತು. ಇಸ್ತ್ರಿ ಬಿಸಿ ಜಾಸ್ತಿ ಆಗಿದ್ದಾ?

ನೂಲೆಳೆ
ಇಸ್ತ್ರಿಯ ತಪ್ಪಲ್ಲ, ಬ್ಲೀಚ್. ರೆಸಿನ್ನಿನಲ್ಲಿ ಸಾರಜನಕ ಇದೆ. ಕ್ಲೋರಿನ್ ಹೋಗಿ ಅಲ್ಲಿ ಅಂಟಿಕೊಳ್ಳುತ್ತದೆ, ಜಾಲಿಸಿದರೂ ಪೂರ್ತಿ ಹೋಗುವುದಿಲ್ಲ. ಬಿಸಿ ತಾಗಿದಾಗ ಆಮ್ಲವಾಗಿ ಹೊರಬಂದು ಬಟ್ಟೆಯನ್ನು ಒಳಗಿಂದಲೇ ತಿನ್ನುತ್ತದೆ. ಅದಕ್ಕೇ ಬಿಸಿ ತಾಗಿದ ಆಕಾರದಲ್ಲೇ ಹಳದಿ. ಹಳೇ ಕಾಲದ ರೆಸಿನ್‌ಗಳಲ್ಲಿ ಇದು ದೊಡ್ಡ ಕಾಟ, ಈಗ ಕಡಿಮೆ, ಆದರೆ ಪೂರ್ತಿ ಹೋಗಿಲ್ಲ. ಪಟ್ಟಿಯಲ್ಲಿ ತ್ರಿಕೋನಕ್ಕೆ ಅಡ್ಡಗೀಟು ಹಾಕಿದ್ದರೆ ಬ್ಲೀಚ್ ಬೇಡ ಅಂತಲೇ. ಆಮ್ಲಜನಕದ ಬ್ಲೀಚ್ ಪುಡಿ ಬೇರೆ, ಅದರಲ್ಲಿ ಕ್ಲೋರಿನ್ ಇರುವುದಿಲ್ಲ.

ಬಿಳಿಅಂಗಿ
ಅಡ್ಡಗೀಟು ಇತ್ತು. ಅದು ‘ತ್ರಿಕೋನ ಆಕಾರದ ಏನೋ ಮಾಡಬೇಡಿ’ ಅಂದುಕೊಂಡಿದ್ದೆ 🙏

ಹಳೇಗಂಟು
ನನ್ನದು ಟೆರಿಕಾಟನ್ ಶರ್ಟ್, ಆರು ವರ್ಷ ಆಯ್ತು, ಒಂದು ಸುಕ್ಕಿಲ್ಲ. ಪಟ್ಟಿಯಲ್ಲಿ ‘ಈಸಿ ಐರನ್’ ಅಂತ ಮಾತ್ರ ಇದೆ. ‘ರಿಂಕಲ್ ಫ್ರೀ’ ಹೆಚ್ಚು, ‘ಈಸಿ ಐರನ್’ ಕಮ್ಮಿ ಅಂತಾರಲ್ಲ, ಇಲ್ಲಿ ಉಲ್ಟಾ ಆಗಿದೆ!

ನೂಲೆಳೆ
ನಿಮ್ಮ ಶರ್ಟ್ ನಿಂತಿರುವುದು ರೆಸಿನ್ನಿನಿಂದ ಅಲ್ಲ, ಅದರಲ್ಲಿರುವ ಪಾಲಿಯೆಸ್ಟರ್‌ನಿಂದ. ಅದನ್ನು ಗಿರಣಿಯಲ್ಲೇ ಬಿಸಿಯಲ್ಲಿ ನೆಟ್ಟಗೆ ಕೂರಿಸಿರುತ್ತಾರೆ. ಅದು ನೀರು ಕುಡಿಯುವುದೇ ಇಲ್ಲ ಅನ್ನಬಹುದು, ಹಾಗಾಗಿ ಒಗೆದರೂ ಮರೆಯುವುದಿಲ್ಲ. ಹತ್ತಿಯ ಪಾಲಿಗೆ ಹಾಕಿದ ರೆಸಿನ್ ಸೊರಗಿದರೂ ಪಾಲಿಯೆಸ್ಟರ್ ಎತ್ತಿ ಹಿಡಿಯುತ್ತದೆ. ಒಂದೇ ಎಚ್ಚರಿಕೆ: ತುಂಬಾ ಬಿಸಿ ನೀರಿನಲ್ಲಿ ಒಗೆದು, ಬಿಸಿ ಇರುವಾಗಲೇ ಜೋರಾಗಿ ಹಿಂಡಿದರೆ ಅದು ಹೊಸ ಸುಕ್ಕನ್ನೇ ಕಲಿತುಬಿಡುತ್ತದೆ. ಆ ಸುಕ್ಕು ತೆಗೆಯುವುದು ಕಷ್ಟ.

ಇನ್ನು ಪಟ್ಟಿಯ ಮಾತು. ಸಾಮಾನ್ಯವಾಗಿ ಈಸಿ ಐರನ್ ಅಂದರೆ ರೆಸಿನ್ ಕಡಿಮೆ, ರಿಂಕಲ್ ಫ್ರೀ ಅಂದರೆ ಜಾಸ್ತಿ. ಆದರೆ ಒಂದೊಂದು ಕಂಪನಿ ಒಂದೊಂದು ಥರ ಬಳಸುತ್ತದೆ.

ಕಟ್ಟಾವಾದಿ
ಅಂದರೆ ಪಟ್ಟಿಯ ಮಾತಿಗೆ ಬೆಲೆಯಿಲ್ಲ ಅಂತ ನೀವೇ ಒಪ್ಪಿಕೊಂಡಿರಿ.

ನೂಲೆಳೆ
ಬೆಲೆ ಇದೆ, ಮಿತಿಯೂ ಇದೆ. ಬಟ್ಟೆ ಎಷ್ಟು ನಯವಾಗಿ ಒಣಗುತ್ತದೆ ಅಂತ ನೋಡಲು AATCC 124 ಅನ್ನೋ ಪರೀಕ್ಷೆ ಇದೆ. ಒಗೆದು ಒಣಗಿಸಿದ ತುಂಡನ್ನು, ಸುಕ್ಕಿನ ಅಚ್ಚು ತೆಗೆದ ಪ್ಲಾಸ್ಟಿಕ್ ಮಾದರಿಗಳ ಪಕ್ಕ ದೀಪದ ಕೆಳಗೆ ಇಟ್ಟು 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಸಾಮಾನ್ಯವಾಗಿ 3.5 ಬಂದರೆ ಪಾಸು. ಆದರೆ ನೋಡುವುದು ಹೆಚ್ಚಾಗಿ ಐದು ಒಗೆತ ಆದ ಮೇಲೆ. ಖರೀದಿದಾರ ಕೇಳಿದರೆ ಮಾತ್ರ ಇನ್ನೂ ಮುಂದೆ ಹೋಗುತ್ತಾರೆ. ಐದು ಒಗೆತದ ಅಂಕ ಎಪ್ಪತ್ತನೇ ಒಗೆತಕ್ಕೆ ಏನೂ ಹೇಳುವುದಿಲ್ಲ.

ಕಟ್ಟಾವಾದಿ
ಹಾಗಾದರೆ ಬೇಕಂತಲೇ ಹಾಳು ಮಾಡ್ತಾರೆ ಅಂದ ನನ್ನ ಮಾತು ಅರ್ಧ ಸರಿ.

ನೂಲೆಳೆ
ಅರ್ಧ ಕೂಡ ಇಲ್ಲ, ಕಾಲು. ರೆಸಿನ್ ಜಾಸ್ತಿ ಹಾಕಿದರೆ ಗುಣ ಜಾಸ್ತಿ ದಿನ ಬರುತ್ತದೆ, ಶರ್ಟ್ ಬೇಗ ಹರಿಯುತ್ತದೆ. ಕಡಿಮೆ ಹಾಕಿದರೆ ಶರ್ಟ್ ಬಾಳುತ್ತದೆ, ಸುಕ್ಕು ಬೇಗ ಬರುತ್ತದೆ. ನಾವು ದಿನಾ ತೂಗುತ್ತಿದ್ದದ್ದು ಇದನ್ನೇ. ಫಾರ್ಮಾಲ್ಡಿಹೈಡ್ ಇಲ್ಲದ BTCA ಅನ್ನೋ ಆಮ್ಲದಿಂದಲೂ ಗಂಟು ಹಾಕಬಹುದು, ಆದರೆ ಅದು ದುಬಾರಿ. ಅದರ ಗಂಟಿಗೆ ಬಟ್ಟೆ ಸೋಪಿನ ಕ್ಷಾರವೇ ಶತ್ರು.

ಮಳೆಬಿಲ್ಲು
ಇದನ್ನು ಕಂಡುಹಿಡಿದದ್ದು ಒಬ್ಬ ಮಹಿಳೆ ಅಂತ ಎಲ್ಲೋ ಓದಿದ್ದೆ. ಸರಿನಾ?

ರಸಾಯನಿ
ರೂತ್ ಬೆನೆರಿಟೊ. ಅಮೆರಿಕದ ಕೃಷಿ ಇಲಾಖೆಯ ನ್ಯೂ ಆರ್ಲಿಯನ್ಸ್ ಪ್ರಯೋಗಾಲಯದಲ್ಲಿ 1950ರ ದಶಕದಿಂದ ಇದರ ಮೇಲೆ ಕೆಲಸ ಮಾಡಿದವರು. ಆದರೆ ‘ಕಂಡುಹಿಡಿದವರು’ ಅಂದರೆ ಅವರೇ ಒಪ್ಪುತ್ತಿರಲಿಲ್ಲ. 1920ರ ದಶಕದಲ್ಲೇ ಮ್ಯಾಂಚೆಸ್ಟರ್‌ನ ಟೂಟಲ್ ಕಂಪನಿಯವರು ಯೂರಿಯಾ-ಫಾರ್ಮಾಲ್ಡಿಹೈಡ್ ರೆಸಿನ್ನಿನಿಂದ ಹತ್ತಿಗೆ ಸುಕ್ಕು ತಡೆಯುವ ಗುಣ ತಂದಿದ್ದರು. ಗಂಟು ಹೇಗೆ ಬೀಳುತ್ತದೆ ಅನ್ನುವ ರಸಾಯನವನ್ನು ಬೆಳೆಸಿದ್ದರಲ್ಲಿ ಬೆನೆರಿಟೊ ಅವರ ಪಾಲು ದೊಡ್ಡದು.

ಸೂಜಿಮೊನೆ
ನನ್ನ ಶರ್ಟಿನ ಮೈ ಎಲ್ಲ ನಯವಾಗಿದೆ, ಆದರೆ ಗುಂಡಿ ಪಟ್ಟಿ ಮತ್ತು ಪಕ್ಕದ ಹೊಲಿಗೆ ಸಾಲು ಹಾವಿನ ಹಾಗೆ ಸೊಟ್ಟ. ಇದೂ ರೆಸಿನ್ ಹೋದದ್ದಾ?

ನೂಲೆಳೆ
ಅಲ್ಲ. ಅದು ಹೊಲಿಗೆ ದಾರವೋ ಒಳಗಿಟ್ಟ ಕ್ಯಾನ್ವಾಸೋ ಬಟ್ಟೆಗಿಂತ ಜಾಸ್ತಿ ಕುಗ್ಗಿದ್ದು. ಫಿನಿಶ್ ಮೇಲೆ ಅಪವಾದ ಹಾಕಬೇಡಿ.

ಒಂಟಿಗುಂಡಿ
ಪರೀಕ್ಷೆ ಮಾಡಿದೆ. ಜೇಬು ಬಿಚ್ಚುವಾಗಲೇ ಒಂದು ಗೊತ್ತಾಯಿತು. ಜೇಬಿನ ಹಿಂದಿನ ಬಟ್ಟೆ ಮುಟ್ಟಿದರೆ ಹೊಸದರ ಹಾಗೆ ಜಾರುತ್ತದೆ. ತೋಳಿನದು ಒರಟು. ಬೆಳಕಿಗೆ ಹಿಡಿದರೆ ಮೊಣಕೈ ಹತ್ತಿರ ಸಣ್ಣ ಸಣ್ಣ ರೋಮ ಎದ್ದಿದೆ, ಜೇಬಿನ ಹಿಂದೆ ಅಷ್ಟಿಲ್ಲ.

ಪ್ರತಿ ಜಾಗದಿಂದ ಮೂರು ಪಟ್ಟಿ. ಅರ್ಧ ಲೀಟರ್ ನೀರಿನ ಬಾಟಲಿಯೇ ತೂಕ, ಕೆಳಗೆ ಗಾಜಿನ ತುಂಡು. ಜೇಬಿನ ಹಿಂದಿನದು 112, 116, 109 ಡಿಗ್ರಿ. ಮೊಣಕೈಯದು 88, 93, 86. ಮಾಮೂಲಿ ಹತ್ತಿ ಶರ್ಟಿನದು 74, 78, 71. ಕಡಿಮೆ ಬಳಸಿದ, ಇನ್ನೂ ಹೊಸದರಂತಿರುವ ಶರ್ಟ್ ಕತ್ತರಿಸಲು ಮನಸ್ಸು ಬರಲಿಲ್ಲ. ಆದರೆ ಅದರ ಕೆಳ ಅಂಚನ್ನು ಹಾಗೇ ಮಡಚಿ ನೋಡಿದೆ, ಕಣ್ಣಳತೆಗೆ 130 ಹತ್ತಿರ. ಅದನ್ನು ಲೆಕ್ಕಕ್ಕೆ ತಗೋಬೇಡಿ.

ನೂಲೆಳೆ
ಚೆನ್ನಾಗಿ ಮಾಡಿದ್ದೀರಿ. ಒಂದೇ ಶರ್ಟ್, ಒಂದೇ ಒಗೆತ. ಮರೆಯಲ್ಲಿದ್ದದ್ದು 112ರ ಆಸುಪಾಸು, ಉಜ್ಜಿಸಿಕೊಂಡದ್ದು 89. ಮಾಮೂಲಿ ಬಟ್ಟೆ 74. ಅಂದರೆ ಜೇಬಿನ ಹಿಂದೆ ಗುಣ ಇನ್ನೂ ಬಹಳಷ್ಟು ಉಳಿದಿದೆ. ಮೊಣಕೈಯಲ್ಲಿ ಹೋದದ್ದು ಉಜ್ಜಾಟದಿಂದ.

ರಸಾಯನಿ
ಒಂದು ನಿಮಿಷ. ಹೊಸದು ನಿಜವಾಗಿ 130 ಆಗಿದ್ದರೆ, ಉಜ್ಜಾಟವೇ ಇಲ್ಲದ ಜಾಗದಲ್ಲೂ 18 ಡಿಗ್ರಿ ಹೋಗಿದೆ. ಅದು ಗಂಟು ಬಿಚ್ಚಿದ್ದು. ಇನ್ನೊಂದು, ಜೇಬಿನ ಹಿಂದೆ ಸೋಪಿನ ನೀರೂ ಬೆವರೂ ಅಷ್ಟು ಸಲೀಸಾಗಿ ಹರಿದಾಡಿರುವುದಿಲ್ಲ. ಹಾಗಾಗಿ ಅಲ್ಲಿ ಉಳಿದ ಗುಣವನ್ನು ಪೂರ್ತಿ ಉಜ್ಜಾಟದ ಲೆಕ್ಕಕ್ಕೆ ಹಾಕಲು ಆಗುವುದಿಲ್ಲ.

ನೂಲೆಳೆ
ಎರಡನೇ ಮಾತು ಒಪ್ಪಿದೆ. ಮೊದಲನೆಯದಕ್ಕೆ, ಆ 18ರಲ್ಲಿ ಮೆದುಕಾರಿ ಹೋದದ್ದೂ ಸೇರಿರುತ್ತದೆ. ಬೇರ್ಪಡಿಸಲು ಒಂದು ದಾರಿ ಇದೆ. ಎರಡೂ ಜಾಗದ ಹೊಸ ಪಟ್ಟಿಗಳನ್ನು ಬಟ್ಟೆ ಮೃದು ಮಾಡುವ ದ್ರವ ಹಾಕಿದ ನೀರಿನಲ್ಲಿ ಅದ್ದಿ, ಹಿಂಡದೆ ಮಲಗಿಸಿ ಒಣಗಿಸಿ, ಮತ್ತೆ ಅಳೆಯಲಿ. ಅದರಿಂದ ಎಷ್ಟು ಏರುತ್ತದೋ ಅಷ್ಟರ ಮಟ್ಟಿಗೆ ಬರೀ ಜಾರಿಕೆಯ ಸಮಸ್ಯೆ.

ಒಂಟಿಗುಂಡಿ
ಮಾಡಿದೆ. ಮೊಣಕೈ 95, 98, 94. ಜೇಬಿನ ಹಿಂದಿನದು 114, 113, 117. ಮೊಣಕೈಗೆ ಆರೇಳು ಡಿಗ್ರಿ ವಾಪಸ್ ಬಂತು, ಜೇಬಿನ ಹಿಂದೆ ಹೆಚ್ಚು ಕಡಿಮೆ ಅಷ್ಟೇ.

ರಸಾಯನಿ
ನೋಡಿದಿರಾ, ಜೇಬಿನ ಹಿಂದೆ ಮೆದುಕಾರಿ ಕೊಟ್ಟರೂ ಏರಲಿಲ್ಲ. ಅಲ್ಲಿ ಹೋದದ್ದು ಗಂಟೇ.

ನೂಲೆಳೆ
ನಿಮ್ಮ 130 ಕಣ್ಣಳತೆಯದು ಸರ್. ಅಲ್ಲಿ ಏನಾದರೂ ಹೋಗಿದೆ ಅನ್ನಲಿಕ್ಕೇ ಹೊಸ ಶರ್ಟಿನ ಪಟ್ಟಿ ಬೇಕು.

ಸೂಜಿಮೊನೆ
ಉಳಿದ ಶರ್ಟಿನ ಆಯಸ್ಸು ಜಾಸ್ತಿ ಮಾಡಲು ಏನು ಮಾಡಬೇಕು, ಅದನ್ನಾದರೂ ಹೇಳಿ.

ನೂಲೆಳೆ
ಉಜ್ಜಾಟ ಕಡಿಮೆ ಮಾಡಿ. ತಿರುವಿ ಹಾಕಿ ಒಗೆಯಿರಿ, ಜೀನ್ಸ್ ಜೊತೆ ಹಾಕಬೇಡಿ, ಕಾಲರಿಗೆ ಬ್ರಷ್ ತಿಕ್ಕಬೇಡಿ. ಕೊಳೆ ಇದ್ದರೆ ದ್ರವ ಸೋಪು ಹಚ್ಚಿ ಅರ್ಧ ಗಂಟೆ ಬಿಡಿ. ನೀರು ಉಗುರುಬೆಚ್ಚಗೆ ಸಾಕು. ಯಂತ್ರದಲ್ಲಿ ಹಿಂಡುವ ವೇಗ ಇಳಿಸಿ, ನಿಂತ ಕೂಡಲೇ ತೆಗೆದು ಕೊಡವಿ ಹ್ಯಾಂಗರಿಗೆ ಹಾಕಿ. ಗಂಟುಗಳು ಎಳೆಯುವುದಕ್ಕೆ ಬಟ್ಟೆ ಸಡಿಲವಾಗಿ ನೇತಾಡಬೇಕು. ಬುಟ್ಟಿಯಲ್ಲಿ ಮುದುಡಿ ಎರಡು ಗಂಟೆ ಬಿಟ್ಟರೆ ಹೊಸ ಶರ್ಟೂ ಸೋಲುತ್ತದೆ.

ತೊಳೆಗಲ್ಲು
ಕೊನೇ ನೀರಿಗೆ ವಿನೆಗರ್ ಹಾಕೋದು ಮಾತ್ರ ನಾನು ಬಿಡಲ್ಲ.

ಕಟ್ಟಾವಾದಿ
@ಒಂಟಿಗುಂಡಿ ಹೊಸ ಶರ್ಟಿಗೆ ಯಾವಾಗ ಕತ್ತರಿ?

ಒಂಟಿಗುಂಡಿ
ಅದರ ಹಿಂಭಾಗದ ಕೆಳ ಅಂಚು ಪ್ಯಾಂಟಿನೊಳಗೆ ಇರುತ್ತದೆ, ಯಾರಿಗೂ ಕಾಣಲ್ಲ ಅಂತ ಯೋಚಿಸ್ತಿದ್ದೀನಿ. ಮೂರು ಪಟ್ಟಿಗೆ 4 ಸೆಂಟಿಮೀಟರ್ ಎತ್ತರ ಸಾಕಲ್ವಾ?

ನೂಲೆಳೆ
ಸಾಕು. ಅಂಚಿನ ಹೊಲಿಗೆ ಬಿಟ್ಟು ಕತ್ತರಿಸಿ. ದಿಕ್ಕು ಮರೆಯಬೇಡಿ.